ದಿನಕ್ಕೊಂದು ಲಕ್ಷವೋ, ದಿನಕ್ಕಿಮ್ಮಡಿಯೋ

ಮೂವತ್ತು ದಿನದ ಒಂದು ಕೆಲಸಕ್ಕೆ ಎರಡು ಬಗೆಯ ಕೂಲಿ. ಮೊದಲನೆಯದರಲ್ಲಿ ದಿನಕ್ಕೆ ಒಂದು ಲಕ್ಷ ರೂಪಾಯಿ, ತಿಂಗಳಿಡೀ ಅದೇ ದರ. ಎರಡನೆಯದರಲ್ಲಿ ಮೊದಲ ದಿನ ಒಂದು ಪೈಸೆ, ಎರಡನೆಯ ದಿನ ಎರಡು, ಮೂರನೆಯ ದಿನ ನಾಲ್ಕು, ಹೀಗೆ ಪ್ರತಿದಿನವೂ ಹಿಂದಿನ ದಿನದ ಇಮ್ಮಡಿ. ರಷ್ಯಾದ ಲೇಖಕ ಯಾಕೊವ್ ಪೆರೆಲ್‌ಮನ್ ತಮ್ಮ ಜನಪ್ರಿಯ ಗಣಿತದ ಪುಸ್ತಕವೊಂದರಲ್ಲಿ ಇದೇ ಮೊತ್ತಗಳನ್ನು ರೂಬಲ್ ಮತ್ತು ಕೊಪೆಕ್‌ಗಳಲ್ಲಿ ಇಟ್ಟು ಕಥೆ ಹೇಳಿದ್ದಾರೆ. ರೂಬಲ್‌ಗೆ ನೂರು ಕೊಪೆಕ್, ರೂಪಾಯಿಗೆ ನೂರು ಪೈಸೆ; ಹಾಗಾಗಿ ಒಂದು ಅಂಕಿಯನ್ನೂ ಬದಲಿಸದೆ ಲೆಕ್ಕವನ್ನು ಇಲ್ಲಿಗೆ ತರಬಹುದು. ಇಮ್ಮಡಿಯ ಕೂಲಿಯೇ ಕೊನೆಗೆ ಗೆಲ್ಲುತ್ತದೆ ಎಂಬುದು ಬಹಳ ಮಂದಿಗೆ ಗೊತ್ತು. ಅದು ಎಷ್ಟನೆಯ ದಿನ ಗೆಲ್ಲುತ್ತದೆ, ಯಾವ ತಿಂಗಳಲ್ಲಿ ಸೋಲುತ್ತದೆ ಎಂಬುದು ಅಷ್ಟು ಪರಿಚಿತವಲ್ಲ. ಕೆಳಗಿನ ಮಾತುಕತೆ ಆ ಪ್ರಶ್ನೆಯ ಸುತ್ತಲೇ ಇದೆ. ಮಾತಾಡುವವರು ಇಬ್ಬರು: ಕೂಲಿ ಬಟವಾಡೆ ಮಾಡಿ ಪಳಗಿದ ಒಬ್ಬ ಗುತ್ತಿಗೆದಾರ, ಲಾಗ್ ಪುಸ್ತಕ ತಿರುವಿ ಪಳಗಿದ ಒಬ್ಬ ನಿವೃತ್ತ ಗಣಿತ ಮೇಷ್ಟ್ರು.

ಗುತ್ತಿಗೆದಾರ: ಮೇಷ್ಟ್ರೇ, ಹದಿನೈದು ದಿನಕ್ಕೊಮ್ಮೆ ಬಟವಾಡೆ ಮಾಡುವವನ ಕಣ್ಣಿಂದ ನೋಡಿದರೆ ಈ ಪೈಸೆಯ ಕೂಲಿ ಭಾರವೇ ಅಲ್ಲ. ಮೊದಲ ವಾರದ ಕೂಲಿಗೆ ನಾಣ್ಯ ಹುಡುಕುವುದೇ ಕಷ್ಟ.

ಮೇಷ್ಟ್ರು: ನಾಣ್ಯ ಸಿಗುವುದೂ ಇಲ್ಲ. 25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ಮುಗಿಯಿತು. ಮೊದಲ ಆರು ದಿನದ ಕೂಲಿ ಎಲ್ಲ ಸೇರಿ 63 ಪೈಸೆ. ಒಂದು ಎಂಟಾಣೆ ಕೊಟ್ಟು ಉಳಿದ 13 ಪೈಸೆಯನ್ನು ಬಾಕಿ ಬರೆದುಕೊಳ್ಳಬೇಕು. ಆದ್ದರಿಂದ ಹಣ ಕೈಗೆ ಬರಲಿಲ್ಲ, ಪುಸ್ತಕದಲ್ಲಿ ಮಾತ್ರ ಏರುತ್ತ ಹೋಯಿತು ಎಂದಿಟ್ಟುಕೊಂಡು ನೋಡಿ.

ಎಲ್ಲ ಮೂವತ್ತು ದಿನವನ್ನೂ ಬರೆಯಬೇಕಿಲ್ಲ. ಮುಖ್ಯವಾದ ದಿನಗಳಷ್ಟೇ ಸಾಕು. ಮೊತ್ತಗಳೆಲ್ಲ ರೂಪಾಯಿಗಳಲ್ಲಿವೆ.

| ದಿನ | ಆ ದಿನದ ಇಮ್ಮಡಿ ಕೂಲಿ | ಅಲ್ಲಿಯವರೆಗಿನ ಇಮ್ಮಡಿ ಮೊತ್ತ | ಅಲ್ಲಿಯವರೆಗಿನ ನಿಗದಿ ಮೊತ್ತ |
|---|---|---|---|
| 1 | 0.01 | 0.01 | 1,00,000 |
| 10 | 5.12 | 10.23 | 10,00,000 |
| 15 | 163.84 | 327.67 | 15,00,000 |
| 20 | 5,242.88 | 10,485.75 | 20,00,000 |
| 24 | 83,886.08 | 1,67,772.15 | 24,00,000 |
| 25 | 1,67,772.16 | 3,35,544.31 | 25,00,000 |
| 28 | 13,42,177.28 | 26,84,354.55 | 28,00,000 |
| 29 | 26,84,354.56 | 53,68,709.11 | 29,00,000 |
| 30 | 53,68,709.12 | 1,07,37,418.23 | 30,00,000 |

ಗುತ್ತಿಗೆದಾರ: ಹದಿನೈದನೆಯ ದಿನ ಬಟವಾಡೆ ಮಾಡಿದರೆ ಒಬ್ಬನಿಗೆ ಹದಿನೈದು ಲಕ್ಷ, ಇನ್ನೊಬ್ಬನಿಗೆ ಮುನ್ನೂರ ಇಪ್ಪತ್ತೇಳು ರೂಪಾಯಿ ಚಿಲ್ಲರೆ. ಅರ್ಧ ತಿಂಗಳು ಕಳೆದರೂ ಹೀಗಿದ್ದರೆ ಎರಡನೆಯವನು ಕೆಲಸ ಬಿಟ್ಟು ಹೋಗಿರುತ್ತಾನೆ.

ಮೇಷ್ಟ್ರು: ಹೋಗದೆ ಉಳಿದರೆ ಎಂದುಕೊಳ್ಳಿ. ಪಟ್ಟಿಯಲ್ಲಿ ಎರಡನೆಯ ಮತ್ತು ಮೂರನೆಯ ಕಂಬಗಳನ್ನು ಪಕ್ಕಪಕ್ಕದಲ್ಲಿ ನೋಡಿ. 24ನೆಯ ದಿನದವರೆಗಿನ ಮೊತ್ತ 1,67,772.15. 25ನೆಯ ದಿನ ಒಂದರ ಕೂಲಿ 1,67,772.16. ಹಿಂದಿನ ಎಲ್ಲ ದಿನಗಳೂ ಸೇರಿ ಎಷ್ಟಾಯಿತೋ, ಅದಕ್ಕಿಂತ ಒಂದು ಪೈಸೆ ಹೆಚ್ಚು ಆ ಒಂದು ದಿನಕ್ಕೆ. ಇದು ಯಾವ ದಿನಕ್ಕೂ ಸರಿ. n ಎಂಬ ದಿನದ ಕೂಲಿ 2ⁿ⁻¹ ಪೈಸೆ, n ದಿನಗಳ ಮೊತ್ತ 2ⁿ − 1 ಪೈಸೆ. ಲೆಕ್ಕ ಮಾಡುವವರು ಎಡವುವುದೂ ಇಲ್ಲೇ. ಮೊದಲ ದಿನ ಇಮ್ಮಡಿಯೇ ಆಗಿಲ್ಲ ಎಂಬುದನ್ನು ಮರೆತು ಮೂವತ್ತನೆಯ ದಿನದ ಕೂಲಿಯನ್ನು 2³⁰ ಎಂದು ಬರೆಯುತ್ತಾರೆ. ಅದು 31ನೆಯ ದಿನದ ಕೂಲಿ. ತಪ್ಪಿದೆಯೋ ಇಲ್ಲವೋ ತಿಳಿಯಲು ಆ ಒಂದು ಪೈಸೆಯನ್ನು ಹುಡುಕಿದರೆ ಸಾಕು. ದಿನದ ಕೂಲಿ ಹಿಂದಿನ ಮೊತ್ತಕ್ಕಿಂತ ಒಂದೇ ಪೈಸೆ ಹೆಚ್ಚಿಲ್ಲದಿದ್ದರೆ ಎಲ್ಲೋ ಒಂದು ದಿನ ಜಾರಿದೆ.

ಗುತ್ತಿಗೆದಾರ: ಹಾಗಾದರೆ ಇಮ್ಮಡಿಯವನು ನಿಗದಿಯವನನ್ನು ಹಿಂದೆ ಹಾಕುವುದು 25ನೆಯ ದಿನ. ಅವತ್ತು ಇವನಿಗೆ ಒಂದು ಲಕ್ಷ, ಅವನಿಗೆ ಒಂದು ಲಕ್ಷದ ಅರವತ್ತೇಳು ಸಾವಿರ.

ಮೇಷ್ಟ್ರು: ಅವತ್ತಿನ ಕೂಲಿಯಲ್ಲಿ ಹಿಂದೆ ಹಾಕಿದ. ಒಟ್ಟು ಮೊತ್ತದಲ್ಲಿ ಇನ್ನೂ ಇಪ್ಪತ್ತೊಂದು ಲಕ್ಷಕ್ಕೂ ಹೆಚ್ಚು ಹಿಂದಿದ್ದಾನೆ. ಇವೆರಡು ಬೇರೆಬೇರೆ ಪ್ರಶ್ನೆಗಳು, ಉತ್ತರಗಳೂ ಬೇರೆ. ಮೊದಲ ಪ್ರಶ್ನೆಗೆ ಉತ್ತರ 25ನೆಯ ದಿನ, ಎರಡನೆಯದಕ್ಕೆ 29ನೆಯ ದಿನ.

ಈ ಎರಡು ದಿನಗಳ ನಡುವೆ ಏನಾಗುತ್ತದೆ ಎಂಬುದನ್ನು ಬಾಕಿಯ ಪಟ್ಟಿಯೊಂದು ಚೆನ್ನಾಗಿ ತೋರಿಸುತ್ತದೆ. ಇಲ್ಲಿ ಬಾಕಿ ಎಂದರೆ ನಿಗದಿ ಕೂಲಿಯ ಮೊತ್ತಕ್ಕಿಂತ ಇಮ್ಮಡಿ ಕೂಲಿಯ ಮೊತ್ತ ಎಷ್ಟು ಹಿಂದಿದೆ ಎಂಬ ಲೆಕ್ಕ.

| ದಿನದ ಕೊನೆಗೆ | ಬಾಕಿ (ರೂ.) |
|---|---|
| 24 | 22,32,227.85 |
| 25 | 21,64,455.69 |
| 26 | 19,28,911.37 |
| 27 | 13,57,822.73 |
| 28 | 1,15,645.45 |
| 29 | ಬಾಕಿ ತೀರಿ 24,68,709.11 ಮುಂದೆ |

ಬಾಕಿ ಮೊದಲ ದಿನದಿಂದಲೂ ಬೆಳೆಯುತ್ತಲೇ ಬಂದು 24ನೆಯ ದಿನ ತುದಿ ಮುಟ್ಟುತ್ತದೆ. ಅಲ್ಲಿಯವರೆಗೆ ದಿನವೂ ಲಕ್ಷಕ್ಕಿಂತ ಕಡಿಮೆ ಬರುತ್ತಿದ್ದುದರಿಂದ ಅದು ಬೆಳೆಯದೆ ಬೇರೆ ದಾರಿಯಿರಲಿಲ್ಲ. ದಿನದ ಕೂಲಿ ಲಕ್ಷ ದಾಟಿದ ದಿನವೇ ಅದು ಇಳಿಯತೊಡಗುತ್ತದೆ. ಇಪ್ಪತ್ತನಾಲ್ಕು ದಿನ ಕೂಡಿಬಂದ ಇಪ್ಪತ್ತೆರಡು ಲಕ್ಷ ಐದು ದಿನದಲ್ಲಿ ಕರಗುತ್ತದೆ, ಅದರಲ್ಲಿಯೂ ಹನ್ನೆರಡು ಲಕ್ಷಕ್ಕೂ ಹೆಚ್ಚು 28ನೆಯ ದಿನ ಒಂದರಲ್ಲೇ.

ಗುತ್ತಿಗೆದಾರ: ಪಟ್ಟಿ ಬರೆಯುತ್ತ ಹೋದರೆ ಉತ್ತರ ಸಿಗುತ್ತದೆ, ಸರಿ. ಪಟ್ಟಿಯಿಲ್ಲದೆ 25 ಎಂದು ಹೇಳುವುದು ಹೇಗೆ?

ಮೇಷ್ಟ್ರು: ತಿರುಗಿಸಿ ಕೇಳಿ. ಒಂದು ಪೈಸೆ ಎಷ್ಟು ಸಲ ಇಮ್ಮಡಿಸಿದರೆ ಲಕ್ಷ ರೂಪಾಯಿ, ಅಂದರೆ ಒಂದು ಕೋಟಿ ಪೈಸೆ ಆಗುತ್ತದೆ ಎಂದು ಕೇಳುವ ಬದಲು, ಒಂದು ಕೋಟಿಯನ್ನು ಎಷ್ಟು ಸಲ ಅರ್ಧ ಮಾಡಬಹುದು ಎಂದು ಕೇಳಿ. ಜೈನ ಗಣಿತದಲ್ಲಿ ಈ ಎಣಿಕೆಗೆ ಅರ್ಧಚ್ಛೇದ ಎಂದು ಹೆಸರು. ಸುಮಾರು 1200 ವರ್ಷಗಳ ಹಿಂದೆ ವೀರಸೇನಾಚಾರ್ಯರು ಧವಲಾ ಟೀಕೆಯಲ್ಲಿ ಇದನ್ನು ಬಳಸಿದ್ದಾರೆ. ಎರಡು ಸಂಖ್ಯೆಗಳನ್ನು ಗುಣಿಸಿದರೆ ಅವುಗಳ ಅರ್ಧಚ್ಛೇದಗಳನ್ನು ಕೂಡಿಸಬೇಕು ಎಂಬ ನಿಯಮವೂ ಅಲ್ಲಿದೆ. ಆ ಗ್ರಂಥದ ಹಳಗನ್ನಡ ಲಿಪಿಯ ತಾಳೆಗರಿಗಳು ಶತಮಾನಗಳ ಕಾಲ ಉಳಿದುಬಂದದ್ದು ನಮ್ಮ ಮೂಡಬಿದಿರೆಯಲ್ಲಿ. ಒಂದು ಕೋಟಿಯನ್ನು 23 ಸಲ ಅರ್ಧ ಮಾಡಿದರೆ ಸುಮಾರು 1.19 ಉಳಿಯುತ್ತದೆ. ಇನ್ನೊಂದು ಸಲ ಅರ್ಧ ಮಾಡಿದರೆ ಒಂದಕ್ಕಿಂತ ಕೆಳಗೆ ಇಳಿಯುತ್ತದೆ. ಅಂದರೆ 23 ಇಮ್ಮಡಿ ಸಾಲದು, 24 ಬೇಕು.

ಗುತ್ತಿಗೆದಾರ: ಮೊದಲ ದಿನ ಇಮ್ಮಡಿಯಿಲ್ಲ, ಆದ್ದರಿಂದ 24 ಇಮ್ಮಡಿ ಎಂದರೆ 25ನೆಯ ದಿನ.

ಮೇಷ್ಟ್ರು: ಅದೇ. ಇಪ್ಪತ್ನಾಲ್ಕು ಸಲ ಅರ್ಧ ಮಾಡುವ ಶ್ರಮ ಉಳಿಸುವುದು ಲಾಗರಿದಮ್. ಹತ್ತರ ಆಧಾರದಲ್ಲಿ 2ರ ಲಾಗ್ 0.30103. ಒಂದು ಇಮ್ಮಡಿ ಎಂದರೆ ಲಾಗ್‌ನಲ್ಲಿ 0.30103ರಷ್ಟು ಮೇಲೇರಿದಂತೆ, ಹತ್ತು ಇಮ್ಮಡಿಗೆ 3.0103, ಅಂದರೆ ಸಾವಿರಪಟ್ಟಿಗಿಂತ ಕೊಂಚ ಹೆಚ್ಚು. ಒಂದು ಕೋಟಿಯ ಲಾಗ್ 7, ಏಕೆಂದರೆ ಒಂದರ ಮುಂದೆ ಏಳು ಸೊನ್ನೆ. ಏಳನ್ನು 0.30103ರಿಂದ ಭಾಗಿಸಿದರೆ 23.25. ಅರ್ಧ ಮಾಡುತ್ತ ಹೋದಾಗ ಸಿಕ್ಕ 23 ಮತ್ತು ಅದರ ಮೇಲಿನ ಚೂರು ಎರಡೂ ಒಟ್ಟಿಗೆ ಬಂದವು.

ಗುತ್ತಿಗೆದಾರ: ಒಟ್ಟು ಮೊತ್ತದ 29ನೆಯ ದಿನವನ್ನೂ ಹೀಗೇ ತೆಗೆಯಬಹುದೇ?

ಮೇಷ್ಟ್ರು: ಅಷ್ಟು ನೇರವಾಗಿ ಆಗುವುದಿಲ್ಲ. ನಿಗದಿಯವನ ಮೊತ್ತವೂ ದಿನದಿನಕ್ಕೆ ಬೆಳೆಯುತ್ತಿದೆ. n ದಿನಕ್ಕೆ ಅವನದು n ಕೋಟಿ ಪೈಸೆ, ಇಮ್ಮಡಿಯವನದು 2ⁿ − 1 ಪೈಸೆ. ಆ ಒಂದು ಪೈಸೆಯನ್ನು ಸದ್ಯಕ್ಕೆ ಬಿಡೋಣ, ಕೋಟಿಗಳ ನಡುವೆ ಅದು ಲೆಕ್ಕಕ್ಕಿಲ್ಲ. ಎರಡೂ ಸಮವಾಗುವ ಕಡೆ ಲಾಗ್ ತೆಗೆದುಕೊಂಡರೆ ಹೀಗೆ ಬರುತ್ತದೆ:

n × 0.30103 = 7 + log n

ಬೇಕಾದ n ಎಡದಲ್ಲೂ ಇದೆ, ಬಲದಲ್ಲಿ ಲಾಗ್‌ನ ಒಳಗೂ ಅಡಗಿದೆ. ಬೀಜಗಣಿತದಲ್ಲಿ ಕಲಿತ ರೀತಿಯಲ್ಲಿ ಅದನ್ನು ಒಂದೇ ಪಕ್ಕಕ್ಕೆ ತರಲು ಬರುವುದಿಲ್ಲ. ಆದರೆ ಒಂದು ಉಪಾಯವಿದೆ. ಬಲದಲ್ಲಿ ಅಂದಾಜಿನ n ಹಾಕಿ, ಬಂದದ್ದನ್ನು 0.30103ರಿಂದ ಭಾಗಿಸಿ, ಸಿಕ್ಕಿದ್ದನ್ನು ಮತ್ತೆ ಬಲದಲ್ಲಿ ಹಾಕಿ.

ಗುತ್ತಿಗೆದಾರ: ಅಂದಾಜಿಗೆ 25 ಇಟ್ಟುಕೊಳ್ಳಲೇ?

ಮೇಷ್ಟ್ರು: ಇಟ್ಟುಕೊಳ್ಳಿ. 25ರ ಲಾಗ್ 1.39794. ಏಳು ಕೂಡಿಸಿದರೆ 8.39794, ಭಾಗಿಸಿದರೆ 27.90. ಈಗ 27.90ರ ಲಾಗ್ 1.44560, ಏಳು ಕೂಡಿಸಿ ಭಾಗಿಸಿದರೆ 28.056. ಮತ್ತೊಂದು ಸುತ್ತಿಗೆ 28.064. ಅಲ್ಲಿಂದ ಮುಂದೆ ಉತ್ತರ ಕದಲುವುದೇ ಇಲ್ಲ ಎನ್ನಬಹುದು. n ಮೂರು ದಿನ ಜಾಸ್ತಿಯಾದರೂ ಅದರ ಲಾಗ್ 0.05ರಷ್ಟು ಮಾತ್ರ ಬದಲಾಗುತ್ತದೆ. ಆದ್ದರಿಂದ ಮೊದಲ ಅಂದಾಜು ಎಷ್ಟೇ ಒರಟಾಗಿದ್ದರೂ ಮೂರ್ನಾಲ್ಕು ಸುತ್ತಿಗೆ ನಿಲ್ಲುತ್ತದೆ.

ಗುತ್ತಿಗೆದಾರ: 28.06. ಅಂದರೆ 28ನೆಯ ದಿನ ಕೂದಲೆಳೆಯಲ್ಲಿ ತಪ್ಪಿಹೋಯಿತು.

ಮೇಷ್ಟ್ರು: ಅದಕ್ಕೇ ಫೆಬ್ರವರಿ ಈ ಲೆಕ್ಕದಲ್ಲಿ ವಿಚಿತ್ರ ತಿಂಗಳು. 28 ದಿನದ ಫೆಬ್ರವರಿಯಲ್ಲಿ ಇಮ್ಮಡಿಯವನು 1,15,645 ರೂಪಾಯಿ ಚಿಲ್ಲರೆಯಷ್ಟು ಸೋಲುತ್ತಾನೆ. ಅಧಿಕ ವರ್ಷದ ಫೆಬ್ರವರಿಯಾದರೆ ಸುಮಾರು ಇಪ್ಪತ್ತೈದು ಲಕ್ಷ ಗೆಲ್ಲುತ್ತಾನೆ.

ಉತ್ತರ ಹೀಗೆ ಪೂರ್ಣಾಂಕವೊಂದರ ಅಂಚಿಗೆ ಬಂದು ನಿಂತಾಗ ಲಾಗ್ ಲೆಕ್ಕವನ್ನು ಎಷ್ಟು ನಂಬಬೇಕು ಎಂಬ ಪ್ರಶ್ನೆ ಏಳುತ್ತದೆ. ಶಾಲೆಯ ಲಾಗ್ ಪುಸ್ತಕದಲ್ಲಿ 2ರ ಲಾಗ್ 0.3010, ನಾಲ್ಕೇ ಸ್ಥಾನ. ಮೂವತ್ತು ದಿನದ ಮೊತ್ತವನ್ನು ಅದರಿಂದ ತೆಗೆದರೆ 30 × 0.3010 = 9.0300. ಆಂಟಿಲಾಗ್ ಪಟ್ಟಿಯಲ್ಲಿ 0.0300ಕ್ಕೆ 1.072 ಇದೆ, ಅಂದರೆ 107.2 ಕೋಟಿ ಪೈಸೆ, ಅರ್ಥಾತ್ 1,07,20,000 ರೂಪಾಯಿ. ನಿಜವಾದ ಮೊತ್ತಕ್ಕಿಂತ ಹದಿನೇಳು ಸಾವಿರಕ್ಕೂ ಹೆಚ್ಚು ಕಡಿಮೆ.

ಗುತ್ತಿಗೆದಾರ: ಹದಿನೇಳು ಸಾವಿರ ಎಲ್ಲಿ ಹೋಯಿತು?

ಮೇಷ್ಟ್ರು: 0.30103ನ್ನು 0.3010 ಎಂದು ಬರೆದಾಗ ಬಿಟ್ಟ 0.00003ರಲ್ಲಿ. ಒಮ್ಮೆ ಬಿಟ್ಟರೆ ಅದು ಏನೂ ಅಲ್ಲ. ಮೂವತ್ತರಿಂದ ಗುಣಿಸಿದಾಗ ಬಿಟ್ಟದ್ದೂ ಮೂವತ್ತು ಪಟ್ಟಾಗುತ್ತದೆ. ಲಾಗ್‌ನಲ್ಲಿ 0.0009ರ ತಪ್ಪು ಎಂದರೆ ಮೊತ್ತದಲ್ಲಿ ಸಾವಿರಕ್ಕೆ ಎರಡರಷ್ಟು. ನಾಲ್ಕು ಸ್ಥಾನದ ಪುಸ್ತಕ ಹಿಡಿದು ಇಂಥ ದೊಡ್ಡ ಘಾತ ತೆಗೆದರೆ ಉತ್ತರದ ಮೊದಲ ಎರಡು ಅಂಕಿಗಳನ್ನು ನೆಚ್ಚಬಹುದು, ಮೂರನೆಯದರ ಬಗ್ಗೆ ಅನುಮಾನವಿರಲಿ. ‘ಎಷ್ಟನೆಯ ದಿನ’ ಎಂಬ ಪ್ರಶ್ನೆಗೆ ಅದು ಸಾಕು, ‘ಎಷ್ಟು ಹಣ’ ಎಂಬ ಪ್ರಶ್ನೆಗೆ ಸಾಲದು.

ಗುತ್ತಿಗೆದಾರ: 28.06 ಎಂಬಲ್ಲಿ ಆ 0.06 ತಪ್ಪಿನಿಂದಲೇ ಬಂದಿರಬಹುದಲ್ಲ?

ಮೇಷ್ಟ್ರು: ನಾಲ್ಕು ಸ್ಥಾನದಲ್ಲೇ ಮಾಡಿ ನೋಡಿದರೂ 28.07 ಬರುತ್ತದೆ, ವ್ಯತ್ಯಾಸ ನೂರನೆಯ ಸ್ಥಾನದಲ್ಲಿ. ಆದರೂ ಇಷ್ಟು ಅಂಚಿನಲ್ಲಿರುವಾಗ ಪೂರ್ಣ ಸಂಖ್ಯೆಯಿಂದ ತಾಳೆ ನೋಡುವುದು ಒಳ್ಳೆಯದು, ಅದಕ್ಕೆ ಹೆಚ್ಚು ಶ್ರಮವಿಲ್ಲ. 28ರ ಅರ್ಧ 14, ಅದರ ಅರ್ಧ 7. ಎರಡರ ಏಳನೆಯ ಘಾತ 128. ಅದರ ವರ್ಗ 16,384. ಅದರ ವರ್ಗ 26,84,35,456. ಎರಡೇ ಗುಣಾಕಾರಕ್ಕೆ 28 ಇಮ್ಮಡಿ ಮುಗಿಯಿತು. ಇದು 28 ಕೋಟಿಗಿಂತ ಕಡಿಮೆ, ಇನ್ನು ಅನುಮಾನವಿಲ್ಲ.

ಗುತ್ತಿಗೆದಾರ: ದಿನಕ್ಕೆ ಲಕ್ಷ ಕೊಡುವವರು ಕಥೆಯಲ್ಲಿ ಸಿಗುತ್ತಾರೆ. ಐನೂರು ರೂಪಾಯಿ ದಿನಗೂಲಿ ಎಂದಿಟ್ಟುಕೊಂಡರೆ?

ಮೇಷ್ಟ್ರು: ಐನೂರು ರೂಪಾಯಿ ಎಂದರೆ 50,000 ಪೈಸೆ. ಅದರ ಲಾಗ್ 4.69897. ಇದನ್ನು 0.30103ರಿಂದ ಭಾಗಿಸಿದರೆ 15.61, ಅಂದರೆ 16 ಇಮ್ಮಡಿ ಬೇಕು, 17ನೆಯ ದಿನ. ಅವತ್ತು ಇಮ್ಮಡಿಯ ಕೂಲಿ 655 ರೂಪಾಯಿ 36 ಪೈಸೆ. ಒಟ್ಟು ಮೊತ್ತಕ್ಕೆ ಹಿಂದಿನ ಉಪಾಯವನ್ನೇ ಬಳಸಿದರೆ 19.93 ಬರುತ್ತದೆ. ಇಪ್ಪತ್ತನೆಯ ದಿನ ನಿಗದಿಯವನ ಕೈಯಲ್ಲಿ ಹತ್ತು ಸಾವಿರ, ಇಮ್ಮಡಿಯವನ ಹೆಸರಿನಲ್ಲಿ 10,485 ರೂಪಾಯಿ 75 ಪೈಸೆ.

ಗುತ್ತಿಗೆದಾರ: ಕೂಲಿಯನ್ನು ಇನ್ನೂರರಲ್ಲಿ ಒಂದು ಪಾಲಿಗೆ ಇಳಿಸಿದೆವು. ದಿನ ಇಳಿದದ್ದು 29ರಿಂದ 20ಕ್ಕೆ. ಇಷ್ಟೇನಾ?

ಮೇಷ್ಟ್ರು: ಇನ್ನೂರರ ಲಾಗ್ 2.30103. ಇಮ್ಮಡಿಗಳ ಲೆಕ್ಕದಲ್ಲಿ ಅದು ಏಳೂವರೆಗೆ ಚೂರು ಹೆಚ್ಚು. ಕೂಲಿಯನ್ನು ಇನ್ನೂರು ಪಟ್ಟು ಏರಿಸಿ ಇಳಿಸಿ ಏನು ಮಾಡಿದರೂ ದಿನದ ಲೆಕ್ಕದಲ್ಲಿ ಅದರ ಬೆಲೆ ಅಷ್ಟೇ, ಅದರ ಮೇಲೆ ಅರ್ಧ ದಿನದಷ್ಟು log n ಕಡೆಯಿಂದ ಬರುತ್ತದೆ. ಶುರುವಿನ ಕೂಲಿಯನ್ನು ಒಂದು ಪೈಸೆಯ ಬದಲು ಎರಡು ಪೈಸೆ ಮಾಡಿದರೂ ಒಂದೇ ದಿನ ಮುಂದೆ ಹೋದ ಹಾಗೆ. ಆದರೆ ಇದರಿಂದ ನಿಗದಿಯವನು ಯಾವಾಗಲೂ ಸೋಲುತ್ತಾನೆ ಎಂದು ತಿಳಿಯಬೇಡಿ. ದಿನಕ್ಕೆ ಹತ್ತು ಲಕ್ಷ ಕೊಟ್ಟರೆ ಮೊತ್ತಗಳು ಸಮವಾಗುವುದು 31.55ರಲ್ಲಿ, ಯಾವ ತಿಂಗಳಿಗೂ ಅಷ್ಟು ದಿನವಿಲ್ಲ. ಮೂವತ್ತು ದಿನಕ್ಕೆ ಅವನಿಗೆ ಮೂರು ಕೋಟಿ, ಇಮ್ಮಡಿಯವನಿಗೆ ಒಂದು ಕೋಟಿ ಏಳು ಲಕ್ಷ.

ಆದ್ದರಿಂದ ‘ಇಮ್ಮಡಿ ಗೆಲ್ಲುತ್ತದೆ’ ಎಂಬ ಮಾತಿಗೆ ತಿಂಗಳ ಉದ್ದ ಹೇಳದೆ ಅರ್ಥವಿಲ್ಲ. ಪ್ರತಿ ಉದ್ದಕ್ಕೂ ಒಂದು ಸಮತೂಕದ ದಿನಗೂಲಿ ಇರುತ್ತದೆ: ಇಮ್ಮಡಿಯ ಒಟ್ಟು ಮೊತ್ತವನ್ನು ದಿನಗಳಿಂದ ಭಾಗಿಸಿದರೆ ಬರುವ ಮೊಬಲಗು. ನಿಗದಿ ಕೂಲಿ ಅದಕ್ಕಿಂತ ಹೆಚ್ಚಿದ್ದರೆ ನಿಗದಿಯೇ ಲೇಸು, ಕಡಿಮೆಯಿದ್ದರೆ ಇಮ್ಮಡಿ.

| ತಿಂಗಳ ದಿನಗಳು | ಇಮ್ಮಡಿಯ ಒಟ್ಟು ಮೊತ್ತ (ರೂ.) | ಸಮತೂಕದ ದಿನಗೂಲಿ (ರೂ.) |
|---|---|---|
| 28 | 26,84,354.55 | 95,869.81 |
| 29 | 53,68,709.11 | 1,85,127.90 |
| 30 | 1,07,37,418.23 | 3,57,913.94 |
| 31 | 2,14,74,836.47 | 6,92,736.66 |

ತಿಂಗಳು ಒಂದು ದಿನ ಬೆಳೆದರೆ ಸಮತೂಕದ ಕೂಲಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಪೂರಾ ಇಮ್ಮಡಿಯಾಗದಿರುವುದಕ್ಕೆ ಭಾಜಕವೂ ಒಂದು ಹೆಚ್ಚುವುದು ಕಾರಣ.

ಗುತ್ತಿಗೆದಾರ: ಮೇಷ್ಟ್ರೇ, ಹಾಜರಿ ಪುಸ್ತಕದಲ್ಲಿ ಮೂವತ್ತು ದಿನ ಎಂದೂ ಇರುವುದಿಲ್ಲ. ಭಾನುವಾರ ರಜೆ. ನಾಲ್ಕು ಭಾನುವಾರ ಕಳೆದರೆ 26 ಹಾಜರಿ.

ಮೇಷ್ಟ್ರು: ರಜೆಯ ದಿನ ಇಮ್ಮಡಿಯೂ ನಿಲ್ಲುತ್ತದೆಯೋ, ಅಥವಾ ಆ ದಿನದ ಕೂಲಿ ಮಾತ್ರ ಹೋಗುತ್ತದೆಯೋ? ಕರಾರಿನಲ್ಲಿ ಅದನ್ನು ಬರೆಯದಿದ್ದರೆ ಜಗಳ ಖಂಡಿತ.

ಗುತ್ತಿಗೆದಾರ: ಎರಡನ್ನೂ ಹೇಳಿ.

ಮೇಷ್ಟ್ರು: ಇಮ್ಮಡಿಯೂ ನಿಂತರೆ ಒಟ್ಟು 26 ದಿನದ ಸರಣಿ ಅಷ್ಟೇ. ಮೊತ್ತ 6,71,088 ರೂಪಾಯಿ 63 ಪೈಸೆ. ನಿಗದಿಯವನಿಗೆ 26 ಲಕ್ಷ. ಇಮ್ಮಡಿಯವನು ನೆಲ ಕಚ್ಚಿದ. ಇಮ್ಮಡಿ ನಿಲ್ಲದೆ ಕೂಲಿ ಮಾತ್ರ ಹೋಗುವುದಾದರೆ ಭಾನುವಾರ ಎಷ್ಟನೆಯ ತಾರೀಖಿಗೆ ಬಂತು ಎಂದು ನೋಡಬೇಕು. 7, 14, 21, 28ಕ್ಕೆ ಬಂದರೆ ಹೋಗುವುದು 13,52,745 ರೂಪಾಯಿ 60 ಪೈಸೆ, ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ 28ನೆಯ ತಾರೀಖಿನದು. ಕೈಗೆ 93,84,672 ರೂಪಾಯಿ 63 ಪೈಸೆ ಬರುತ್ತದೆ.

ಗುತ್ತಿಗೆದಾರ: ಹಾಜರಿ ಅಷ್ಟೇ, ಹಣ ಹದಿನಾಲ್ಕು ಪಟ್ಟು. ಭಾನುವಾರ ಮೂವತ್ತನೆಯ ತಾರೀಖಿಗೆ ಬಿದ್ದರೆ?

ಮೇಷ್ಟ್ರು: ಆಗ ಭಾನುವಾರಗಳು ಐದು: 2, 9, 16, 23, 30. ಕೊನೆಯದೊಂದೇ 53,68,709 ರೂಪಾಯಿ 12 ಪೈಸೆ ಕಿತ್ತುಕೊಳ್ಳುತ್ತದೆ, ಉಳಿದ ನಾಲ್ಕೂ ಸೇರಿ ನಲವತ್ತೆರಡು ಸಾವಿರ ಚಿಲ್ಲರೆ. ಉಳಿಯುವುದು 53,26,435 ರೂಪಾಯಿ 81 ಪೈಸೆ. 25 ಹಾಜರಿಗೆ ನಿಗದಿಯವನದು 25 ಲಕ್ಷ. ಇಮ್ಮಡಿಯವನು ಆಗಲೂ ಅವನ ಎರಡರಷ್ಟಕ್ಕಿಂತ ಮೇಲೇ ಇರುತ್ತಾನೆ.